ಚಾಕ್ ಹೋಗಲಿ, ಬೋರ್ಡ್ ಉಳಿಯಲಿ

ಪರೀಕ್ಷೆ ಹತ್ತಿರ ಬಂತೆಂದರೆ ಉಡುಪಿಯ ನನ್ನ ಡಿಟಿಪಿ ಅಂಗಡಿಗೆ ಒಂದು ಕೆಲಸ ತಪ್ಪದೆ ಬರುತ್ತದೆ. ಟ್ಯೂಷನ್ ಮಾಷ್ಟ್ರು ಮೊಬೈಲಿನಲ್ಲಿ ತೆಗೆದ ಬೋರ್ಡಿನ ಫೋಟೋ ತೋರಿಸಿ, "ಈ ಚಾಕ್ ಬರಹ ತೆಗೆದು ಅದೇ ಜಾಗದಲ್ಲಿ ಚಂದ ಟೈಪ್ ಮಾಡಿ ಕೊಡಿ ಮಾರಾಯ್ರೆ" ಎನ್ನುತ್ತಾರೆ.

ಅಂಗಡಿಗೆ ಬಂದ ಹೊಸ ಹುಡುಗರು ಮೊದಲು ಕಪ್ಪು ಬ್ರಷ್ ಹಿಡಿಯುತ್ತಾರೆ. ಆದರೆ ಫೋಟೋದಲ್ಲಿ ಕರಿಹಲಗೆ ಕಪ್ಪಗಿರುವುದಿಲ್ಲ. ಚಾಕಿನ ಪುಡಿ ಕೂತು ಬೂದಿ ಬಣ್ಣ ಬಂದಿರುತ್ತದೆ, ಕಿಟಕಿಯ ಕಡೆ ಇನ್ನೂ ಬೆಳ್ಳಗಿರುತ್ತದೆ. ಕಪ್ಪು ಬಳಿದ ಜಾಗ ಗೋಡೆಗೆ ತೂತು ಬಿದ್ದಂತೆ ಕಾಣುತ್ತದೆ. ಫೋಟೋಶಾಪಿನ Healing Brush ಕೂಡ ಇಲ್ಲಿ ಸೋಲುತ್ತದೆ. ಅದು ಪಕ್ಕದ ಖಾಲಿ ಜಾಗ ನೋಡಿ ತುಂಬಬೇಕು. ಬೋರ್ಡ್ ತುಂಬ ಬರಹವಿದ್ದರೆ ಖಾಲಿ ಜಾಗ ಎಲ್ಲಿಂದ ಬರಬೇಕು?

ನಾನು ಫೋಟೋಶಾಪಿನಲ್ಲಿ ಲೇಯರಿನ ನಕಲು ಮಾಡಿ, ಚೌಕಟ್ಟು ಬಿಟ್ಟು ಬೋರ್ಡನ್ನಷ್ಟೇ ಸೆಲೆಕ್ಟ್ ಮಾಡಿ, Filter > Other > Minimum ಹಾಕುತ್ತೇನೆ. ಅದು ಪ್ರತಿ ಚುಕ್ಕಿಯ ಸುತ್ತ ನೋಡಿ, ಅಲ್ಲಿನ ಅತಿ ಕಪ್ಪು ಬಣ್ಣವನ್ನು ಅದಕ್ಕೆ ಕೊಡುತ್ತದೆ. ಬಿಳಿ ಗೆರೆಯನ್ನು ಎರಡೂ ಕಡೆಯಿಂದ ಕಪ್ಪು ತಿನ್ನುತ್ತಾ ಬರುತ್ತದೆ. ಚಾಕಿನ ಗೆರೆ 14 ಪಿಕ್ಸೆಲ್ ದಪ್ಪವಿದ್ದರೆ Radius ಅದರ ಅರ್ಧಕ್ಕಿಂತ ಜಾಸ್ತಿ, ಅಂದರೆ 8 ಅಥವಾ 9 ಸಾಕು. ಆಮೇಲೆ Gaussian Blur, ಅದರ ಮೇಲೆ ಸ್ವಲ್ಪ Add Noise. ನಾಯ್ಸ್ ಬಿಟ್ಟರೆ ಬೋರ್ಡ್ ಪ್ಲಾಸ್ಟಿಕ್ಕಿನಂತೆ ಹೊಳೆಯುತ್ತದೆ. ಒಟ್ಟು ಬಣ್ಣ ಕಪ್ಪಾಗಿರುತ್ತದೆ; Levels ನಲ್ಲಿ ಮೂಲದಷ್ಟೇ ಎತ್ತಬೇಕು. ಡಸ್ಟರಿನ ಅಗಲ ಗುರುತು ಹೀಗೆ ಹೋಗುವುದಿಲ್ಲ. ಇರಲಿ ಬಿಡಿ, ಅದಿದ್ದರೇ ಬೋರ್ಡು.

ಅಳಿಸುವ ಮೊದಲು ಬರಹವನ್ನು ಪೂರ್ತಿ ಓದಿ ಬರೆದುಕೊಳ್ಳಬೇಕು. ಒಮ್ಮೆ ಪಿಯುಸಿ ಫಿಸಿಕ್ಸಿನ ಲೆನ್ಸ್ ಲೆಕ್ಕದಲ್ಲಿ ನಾನು u = 30 ಎಂದು ಟೈಪ್ ಮಾಡಿದೆ. ಎದುರಿನ ಮೈನಸ್ ಗೆರೆ ಡಸ್ಟರಿನ ಗೀರು ಎಂದುಕೊಂಡಿದ್ದೆ. ಸೂತ್ರ ಇದು:

```
1/v - 1/u = 1/f
```

f = 20 ಇದ್ದಾಗ ನನ್ನ u ಹಾಕಿದರೆ v = 12 ಬರುತ್ತದೆ. ಬೋರ್ಡಿನ ಕೆಳಗೆ ಉತ್ತರ 60 ಸೆಂ.ಮೀ. ಎಂದಿತ್ತು. u = -30 ಹಾಕಿದರೆ 1/20 - 1/30 = 1/60, ಸರಿಯಾಗಿ 60. ಆವತ್ತಿನಿಂದ ಸಂಶಯ ಬಂದಲ್ಲಿ ಲೆಕ್ಕ ಮಾಡಿಯೇ ನೋಡುತ್ತೇನೆ.

ಕನ್ನಡ ಬರಹಕ್ಕೆ ಇನ್ನೊಂದು ತಾಪತ್ರಯ. ಹಳೆ ನುಡಿ ಫಾಂಟಿನ ಬರಹವನ್ನು ಯೂನಿಕೋಡ್ ಫಾಂಟಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡಿನಲ್ಲೇ ಟೈಪ್ ಮಾಡಿದರೂ ಒತ್ತಕ್ಷರ ಬಿಡಿಬಿಡಿಯಾಗಿ ಬಂದರೆ, ಫೋಟೋಶಾಪಿನ Type ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆ ಹಾಕಿ.

ಫೋಟೋ ಬದಿಯಿಂದ ತೆಗೆದದ್ದಾದರೆ ಬೋರ್ಡಿನಳತೆಯ ಆಯತದಲ್ಲಿ ಬರಹ ಜೋಡಿಸಿ, Smart Object ಮಾಡಿ, Distort ನಲ್ಲಿ ಅದರ ನಾಲ್ಕು ಮೂಲೆಗಳನ್ನು ಬೋರ್ಡಿನ ಮೂಲೆಗಳಿಗೆ ಎಳೆಯಿರಿ. ಸಾಲುಗಳು ತಾವಾಗಿ ಓರೆಯಾಗುತ್ತವೆ. ಬಣ್ಣ ಮಾತ್ರ ಅಚ್ಚ ಬಿಳಿ ಬೇಡ. ಅಳಿಸುವ ಮೊದಲೇ ಚಾಕ್ ಗೆರೆಯಿಂದ ಬಣ್ಣ ಎತ್ತಿಟ್ಟುಕೊಂಡಿರಿ, ಅದನ್ನೇ ಹಾಕಿ.