ರೌಂಡಿಂಗ್ ವ್ಯತ್ಯಾಸ: ಕಮಿಷನ್ ಪಟ್ಟಿಯಲ್ಲಿ ಶೇ. 99.99 ಬರುವುದೇಕೆ?

ಮಂಗಳೂರಿನ ಬಂದರಿನಲ್ಲಿ ಒಂದು ಅಡಿಕೆ ಮಂಡಿ ಇದೆ ಅಂದುಕೊಳ್ಳಿ. ಒಂದು ತಿಂಗಳ ಕಮಿಷನ್ 45,000 ರೂಪಾಯಿ. ಪುತ್ತೂರಿನ ಏಜೆಂಟರಿಗೆ 20,000, ಬಂಟ್ವಾಳದವರಿಗೆ 15,000, ಬೆಳ್ತಂಗಡಿಯವರಿಗೆ 10,000. ಯಾರ ಪಾಲು ಶೇಕಡಾ ಎಷ್ಟು ಎಂದು ವರದಿಯಲ್ಲಿ ಬರೆದರೆ 44.44, 33.33, 22.22 ಎಂದಾಗುತ್ತದೆ. ಕೂಡಿಸಿದರೆ 99.99. ಉಳಿದ 0.01 ಎಲ್ಲಿ ಹೋಯಿತು?

ಎಲ್ಲೂ ಹೋಗಿಲ್ಲ. ಪುತ್ತೂರಿನವರ ನಿಜವಾದ ಪಾಲು 44.4444… ಹೀಗೆ ಮುಗಿಯದ ಸಂಖ್ಯೆ. ಎರಡು ದಶಮಾಂಶಕ್ಕೆ ನಿಲ್ಲಿಸಿದಾಗ ಬಾಲ ಕತ್ತರಿಸಿ ಹೋಯಿತು. ಉಳಿದ ಎರಡು ಸಾಲಿನಲ್ಲೂ ಹಾಗೇ ಆಯಿತು. ಮೂರು ಬಾಲ ಸೇರಿದರೆ ಸರಿಯಾಗಿ 0.01. ಇದೇ ರೌಂಡಿಂಗ್ ವ್ಯತ್ಯಾಸ. ಮುಂದಿನ ತಿಂಗಳು ಅದೇ 45,000 ರೂಪಾಯಿ 25,000, 12,000, 8,000 ಎಂದು ಹಂಚಿಹೋದರೆ 55.56, 26.67, 17.78 ಬರುತ್ತದೆ. ಮೂರೂ ಮೇಲಕ್ಕೆ ಸರಿದಿವೆ. ಮೊತ್ತ 100.01.

ಎಕ್ಸೆಲ್‌ನಲ್ಲಿ ಇನ್ನೊಂದು ಗೊಂದಲ ಉಂಟು. ಸೆಲ್‌ನ ಫಾರ್ಮ್ಯಾಟ್ ಮಾತ್ರ ಎರಡು ದಶಮಾಂಶಕ್ಕೆ ಇಟ್ಟರೆ ಒಳಗೆ ಪೂರ್ತಿ ಸಂಖ್ಯೆ ಹಾಗೇ ಇರುತ್ತದೆ, ಮೊತ್ತ 100.00 ಎಂದೇ ಕಾಣುತ್ತದೆ. ಪ್ರಿಂಟ್ ತೆಗೆದು ಕ್ಯಾಲ್ಕುಲೇಟರಿನಲ್ಲಿ ಕೂಡಿಸಿದವರಿಗೆ ಮಾತ್ರ 99.99. ಪ್ರತಿ ಸಾಲಿಗೂ `ROUND` ಹಾಕಿದ್ದರೆ ಎಕ್ಸೆಲ್ಲೇ 99.99 ತೋರಿಸುತ್ತದೆ.

ವರದಿಯಲ್ಲಿ ಕಾಣುವ ಈ 0.01ಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಆದರೆ ರೌಂಡ್ ಮಾಡಿದ ಶೇಕಡಾದಿಂದ ಮತ್ತೆ ಹಣ ಲೆಕ್ಕ ಹಾಕಬಾರದು. 45,000ಕ್ಕೆ ಶೇ. 44.44 ಅಂದರೆ 19,998. ಮೂವರದ್ದೂ ಹೀಗೆ ಮಾಡಿದರೆ ಒಟ್ಟು 44,995.50, ನಾಲ್ಕೂವರೆ ರೂಪಾಯಿ ಯಾರಿಗೂ ಸೇರದೆ ಉಳಿಯುತ್ತದೆ. ಮೊದಲು ರೂಪಾಯಿ ಹಂಚಬೇಕು, ಶೇಕಡಾ ಬರೀ ತೋರಿಸುವುದಕ್ಕೆ.

ಕಾಲಂ 100.00 ಆಗಲೇಬೇಕು ಎಂದು ಧಣಿಗಳು ಹಟ ಹಿಡಿದರೆ, ಕೊನೆಯ ಸಾಲಿಗೆ ಸುಮ್ನೆ ಸೇರಿಸಿಬಿಡುವುದು ನನಗೆ ಸರಿ ಕಾಣುವುದಿಲ್ಲ. ಪಟ್ಟಿಯ ಕ್ರಮ ಬದಲಾದರೆ ಪಾಲೂ ಬದಲಾಗುತ್ತದಲ್ವಾ? ಬದಲಿಗೆ ಎಲ್ಲರ ಬಾಲವನ್ನೂ ಮೊದಲು ಕತ್ತರಿಸಿ, ಕಡಿಮೆ ಬಿದ್ದದ್ದನ್ನು ಅತಿ ದೊಡ್ಡ ಬಾಲ ಇದ್ದವರಿಂದ ಶುರುಮಾಡಿ 0.01ರಂತೆ ಕೊಡಬೇಕು. ಮೊದಲ ತಿಂಗಳಲ್ಲಿ ಅದು ಪುತ್ತೂರಿಗೆ ಹೋಗಿ 44.45 ಆಗುತ್ತದೆ. ಎರಡನೆಯದರಲ್ಲಿ 55.55, 26.66, 17.77ರಿಂದ ಹೊರಟು ಕೊನೆಯ ಇಬ್ಬರಿಗೆ ಒಂದೊಂದು ಸೇರುತ್ತದೆ.

ಎರಡು ದಶಮಾಂಶದ ಪಟ್ಟಿಯಲ್ಲಿ ಒಂದು ಸಾಲು ಜಾಸ್ತಿ ಅಂದರೆ 0.005 ತಪ್ಪಬಹುದು. ಇಪ್ಪತ್ತು ಸಾಲಿಗೆ ಮಿತಿ 0.10. ಮೂರೇ ಸಾಲಿನಲ್ಲಿ 99.70 ಬಂದರೆ ಅದು ರೌಂಡಿಂಗ್ ಅಲ್ಲ. ಯಾರದ್ದೋ ಸಾಲು ಬಿಟ್ಟುಹೋಗಿದೆ, ಇಲ್ಲವೇ ಹಳೆಯ ಒಟ್ಟು ಮೊತ್ತದಿಂದ ಭಾಗಿಸಿದ್ದಾರೆ.