ಪದ ಪರಿಚಯ: ಬ್ಲಾಖ್ ಗೋಳ

ಕ್ವಾಂಟಂ ಕಂಪ್ಯೂಟಿಂಗ್ ಬಗ್ಗೆ ಓದಲು ಕುಳಿತವರಿಗೆ ಮೊದಲು ಎದುರಾಗುವ ಚಿತ್ರ ಒಂದು ಗೋಳ. ಮೇಲಿನ ತುದಿಯಲ್ಲಿ |0⟩, ಕೆಳಗಿನ ತುದಿಯಲ್ಲಿ |1⟩, ನಡುವಿನಿಂದ ಮೈಮೇಲಿನ ಯಾವುದೋ ಒಂದು ಬಿಂದುವಿಗೆ ಹೊರಟ ಬಾಣ. ಕ್ವಾಂಟಂ ಕಂಪ್ಯೂಟರಿನ ಬಿಟ್ ಆದ ಒಂದು ಕ್ಯೂಬಿಟ್‌ನ ಸ್ಥಿತಿ ಎಂದರೆ ಆ ಬಿಂದು. ಗೇಟ್ ಎಂದರೆ ಗೋಳವನ್ನು ಒಂದು ಅಕ್ಷದ ಸುತ್ತ ಒಂದಿಷ್ಟು ಕೋನ ತಿರುಗಿಸುವುದು. ಇದೇ ಬ್ಲಾಖ್ ಗೋಳ. 1946ರಲ್ಲಿ ಪರಮಾಣು ಬೀಜಗಳ ಕಾಂತತ್ವ ಹೇಗೆ ತಿರುಗುತ್ತದೆ ಎಂಬುದಕ್ಕೆ ಸಮೀಕರಣ ಬರೆದ ಫೀಲಿಕ್ಸ್ ಬ್ಲಾಖ್ ಅವರ ಹೆಸರು ಇದಕ್ಕಿದೆ.

ಗೋಳವೇ ಏಕೆ? ಕ್ಯೂಬಿಟ್‌ನ ಸ್ಥಿತಿಯನ್ನು ಬರೆಯಲು |0⟩ಗೆ ಒಂದು, |1⟩ಗೆ ಒಂದು ಎಂದು ಎರಡು ಸಂಕೀರ್ಣ ಸಂಖ್ಯೆ ಬೇಕು, ಅಂದರೆ ನಾಲ್ಕು ಸಾಮಾನ್ಯ ಸಂಖ್ಯೆಗಳು. ಒಟ್ಟು ಸಂಭವನೀಯತೆ 1 ಆಗಲೇಬೇಕೆಂಬ ನಿಯಮದಿಂದ ಒಂದು ಹೋಯಿತು. ಇಡೀ ಸ್ಥಿತಿಗೆ ಒಟ್ಟಾಗಿ ಅಂಟಿಕೊಂಡ ಫೇಸ್, ಅಂದರೆ ಸಂಕೀರ್ಣ ಸಂಖ್ಯೆಯ ಕೋನ, ಯಾವ ಅಳತೆಯಲ್ಲೂ ಕಾಣುವುದಿಲ್ಲವಾದ್ದರಿಂದ ಇನ್ನೊಂದೂ ಹೋಯಿತು. ಉಳಿದದ್ದು ಎರಡೇ. ಭೂಪಟದ ಮೇಲೆ ಒಂದು ಊರನ್ನು ಗುರುತಿಸಲು ಅಕ್ಷಾಂಶ, ರೇಖಾಂಶ ಎರಡು ಸಾಕಲ್ಲವೇ, ಹಾಗೆಯೇ:

```
|ψ⟩ = cos(θ/2)|0⟩ + e^(iφ) sin(θ/2)|1⟩
```

θ ಎಂದರೆ ಉತ್ತರ ಧ್ರುವದಿಂದ ಎಷ್ಟು ಕೆಳಗಿಳಿದಿದ್ದೇವೆ ಎಂಬುದು, φ ಎಂದರೆ ಸುತ್ತಲೂ ಎಷ್ಟು ಸರಿದಿದ್ದೇವೆ ಎಂಬುದು. ಇಲ್ಲಿರುವ ‘ಅರ್ಧ’ದ ಮೇಲೆ ಒಂದು ಕ್ಷಣ ನಿಲ್ಲಬೇಕು, ಹೆಚ್ಚಿನವರು ಎಡವುವುದು ಅಲ್ಲೇ. ಬೀಜಗಣಿತದಲ್ಲಿ |0⟩ ಮತ್ತು |1⟩ ಒಂದಕ್ಕೊಂದು ಲಂಬ, ನಡುವೆ 90 ಡಿಗ್ರಿ. ಗೋಳದ ಮೇಲೆ ನೋಡಿದರೆ ಅವು ಎದುರುಬದುರು, ನಡುವೆ 180 ಡಿಗ್ರಿ. ಹೀಗಾಗಿ ಗೋಳದ ಬಾಣಗಳನ್ನು ಶಾಲೆಯಲ್ಲಿ ಕಲಿತ ವೆಕ್ಟರ್‌ಗಳಂತೆ ಕೂಡಲು ಹೋದರೆ ಲೆಕ್ಕ ಕೆಡುತ್ತದೆ: |0⟩ ಬಾಣಕ್ಕೆ |1⟩ ಬಾಣ ಸೇರಿಸಿದರೆ ಸೊನ್ನೆ ಬರುತ್ತದೆ, ಬರಬೇಕಾದದ್ದು ಸಮಭಾಜಕದ ಮೇಲಿನ ಒಂದು ಬಿಂದು. ಇದು ಸ್ಥಿತಿಗಳ ನಕ್ಷೆ. ನಕ್ಷೆಯಲ್ಲಿ ಊರನ್ನು ಹುಡುಕಬಹುದು, ಊರಿಗೆ ಊರನ್ನು ಕೂಡಲಾಗದು.

ಅಳತೆಯ ನಿಯಮ ಮಾತ್ರ ಬಲು ಸರಳ. ಗೋಳದ ತ್ರಿಜ್ಯ 1, ಬಿಂದುವಿನ ಎತ್ತರ z ಎಂದಿಟ್ಟುಕೊಂಡರೆ, 0 ಬರುವ ಸಂಭವನೀಯತೆ (1+z)/2. ಉತ್ತರ ಧ್ರುವದಲ್ಲಿ ಖಂಡಿತ 0, ದಕ್ಷಿಣದಲ್ಲಿ ಖಂಡಿತ 1, ಸಮಭಾಜಕದ ಮೇಲೆ ಎಲ್ಲೇ ಇದ್ದರೂ ಅರ್ಧಕ್ಕರ್ಧ.

ಗೇಟ್‌ಗಳನ್ನು ನೋಡಲು ಒಂದು ಮೋಸಂಬಿ, ಊದುಬತ್ತಿಯ ಎರಡು ಕಡ್ಡಿ ತಗೊಳ್ಳಿ. ಹಣ್ಣಿನ ನೆತ್ತಿಯ ಮೇಲೆ ಪೆನ್ನಿನಿಂದ ಒಂದು ಚುಕ್ಕೆ ಇಡಿ, ಅದೇ |0⟩. ನಿಮ್ಮ ಕಡೆಗೆ ಬರುವ ದಿಕ್ಕು x, ನಿಮ್ಮ ಬಲಕ್ಕೆ y, ಮೇಲಕ್ಕೆ z. ಒಂದು ಕಡ್ಡಿಯನ್ನು ನೆಟ್ಟಗೆ ಮೇಲಿನಿಂದ ಕೆಳಕ್ಕೆ ಚುಚ್ಚಿ. ಇನ್ನೊಂದನ್ನು ಓರೆಯಾಗಿ, ನೆತ್ತಿಗೂ ನಿಮ್ಮೆದುರಿನ ಮೈಗೂ ಸರಿಯಾಗಿ ನಡುವೆ ಬರುವಂತೆ, ನಡುಭಾಗದ ಮೂಲಕ ಚುಚ್ಚಿ. ಕಡ್ಡಿಗಳು ಒಂದಕ್ಕೊಂದು ತಾಗಿದರೆ ಒಂದನ್ನು ತೆಗೆದು ಇನ್ನೊಂದನ್ನು ಬಳಸಿ. ಪ್ರತಿ ಸಲವೂ ಕಡ್ಡಿಯ ದಿಕ್ಕನ್ನು ಕೋಣೆಗೆ ಹೋಲಿಸಿ ನೋಡಬೇಕು, ತಿರುಗಿದ ಹಣ್ಣಿಗಲ್ಲ.

ಓರೆ ಕಡ್ಡಿಯ ಸುತ್ತ ಅರ್ಧ ಸುತ್ತು ತಿರುಗಿಸಿದರೆ H ಗೇಟ್. ನೆತ್ತಿಯ ಚುಕ್ಕೆ ನಿಮ್ಮೆದುರಿಗೆ, ಸಮಭಾಜಕಕ್ಕೆ ಬಂತು. ಈಗ ಅಳೆದರೆ ಅರ್ಧಕ್ಕರ್ಧ. ಮುಂದೆ T ಗೇಟ್ ಹಾಕೋಣ: ನೆಟ್ಟನೆಯ ಅಕ್ಷದ ಸುತ್ತ 45 ಡಿಗ್ರಿ. ಚುಕ್ಕೆ ಬಲಕ್ಕೆ ಸರಿಯಿತು, ಎತ್ತರ ಬದಲಾಗಲಿಲ್ಲ. ಇಲ್ಲಿಯೇ ಅಳೆದವರಿಗೆ T ಹಾಕಿದ್ದೇ ತಿಳಿಯದು, ಫಲಿತಾಂಶ ಮತ್ತೆ ಅರ್ಧಕ್ಕರ್ಧವೇ. ಆದರೆ ಇನ್ನೊಮ್ಮೆ H ಹಾಕಿ. ಓರೆ ಅಕ್ಷದ ಅರ್ಧ ಸುತ್ತು x ಅನ್ನೂ z ಅನ್ನೂ ಅದಲುಬದಲು ಮಾಡಿ y ಅನ್ನು ಎದುರು ದಿಕ್ಕಿಗೆ ತಿರುಗಿಸುತ್ತದೆ. (0.707, 0.707, 0) ಇದ್ದ ಚುಕ್ಕೆ (0, −0.707, 0.707)ಕ್ಕೆ, ಅಂದರೆ ನಿಮ್ಮ ಎಡಬದಿಯ ಮೇಲ್ಭಾಗಕ್ಕೆ ಬಂತು. ಎತ್ತರ 0.707, ಹಾಗಾಗಿ 0 ಬರುವ ಸಂಭವನೀಯತೆ 0.854. T ಇಲ್ಲದೆ ಎರಡು H ಮಾತ್ರ ಹಾಕಿದ್ದರೆ ಚುಕ್ಕೆ ನೆತ್ತಿಗೇ ಮರಳಿ 0 ಖಂಡಿತವಾಗಿ ಬರುತ್ತಿತ್ತು. ಮೊದಲು ಕಣ್ಣಿಗೆ ಬೀಳದಿದ್ದ ಫೇಸ್ ಈಗ ಎಣಿಕೆಗೆ ಸಿಕ್ಕಿತು. T ಅನ್ನು ಸತತ ನಾಲ್ಕು ಸಲ ಹಾಕಿದರೆ 180 ಡಿಗ್ರಿ, ಅಂದರೆ Z ಗೇಟ್. ಆಗ ಚುಕ್ಕೆ ಹಣ್ಣಿನ ಹಿಂಬದಿಗೆ ಹೋಗಿ, ಕೊನೆಯ Hನಿಂದ ನೇರ ದಕ್ಷಿಣ ಧ್ರುವಕ್ಕಿಳಿಯುತ್ತದೆ. |0⟩, |1⟩ಗಳನ್ನು ಅದಲುಬದಲು ಮಾಡುವ X ಗೇಟ್ ಇದೇ. HZH = X ಎಂಬ ಸೂತ್ರವನ್ನು ನಾನು ಮ್ಯಾಟ್ರಿಕ್ಸ್ ಗುಣಿಸಿ ಎಷ್ಟೋ ಸಲ ಸಾಧಿಸಿದ್ದೆ, ನಿಜವಾಗಿ ಮನಸ್ಸಿಗಿಳಿದದ್ದು ಹಣ್ಣು ಕೈಯಲ್ಲಿದ್ದಾಗ.

ಪ್ರಯೋಗಾಲಯದಲ್ಲಿ ಕಡ್ಡಿಯ ಕೆಲಸ ಮಾಡುವುದು ಪಲ್ಸ್‌ಗಳು. ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್‌ಗೆ ಮೈಕ್ರೋವೇವ್ ಪಲ್ಸ್ ಕೊಟ್ಟಾಗ, ಅದು ಎಷ್ಟು ಬಲವಾಗಿದೆ, ಎಷ್ಟು ಹೊತ್ತು ಇದೆ ಎಂಬುದು ಕೋನವನ್ನು ನಿರ್ಧರಿಸುತ್ತದೆ, ಅದರ ಫೇಸ್ ಅಕ್ಷವನ್ನು. ಬಲ ತುಸು ಹೆಚ್ಚಾಯಿತು, X ಗೇಟ್ 180ರ ಬದಲು 181 ಡಿಗ್ರಿ ತಿರುಗಿಸಿತು ಎಂದುಕೊಳ್ಳಿ. ಒಮ್ಮೆ ಹಾಕಿ ಅಳೆದರೆ ತಪ್ಪು ಉತ್ತರ ಬರುವ ಸಂಭವ sin²(0.5°), ಸುಮಾರು 13,000ಕ್ಕೆ ಒಂದು. ಅಳೆಯುವ ಸಾಧನದ ತಪ್ಪುಗಳ ನಡುವೆ ಇದು ಎಲ್ಲಿ ಕಾಣಬೇಕು? ಅದಕ್ಕೇ ಅದೇ ಗೇಟನ್ನು ಸಾಲಾಗಿ ಹಾಕುತ್ತಾರೆ. 90 ಸಲ ಹಾಕಿದರೆ, ಸಮಸಂಖ್ಯೆಯಾದ್ದರಿಂದ ಬಿಂದು ನೆತ್ತಿಗೆ ಮರಳಬೇಕಿತ್ತು. ಒಂದೊಂದೇ ಡಿಗ್ರಿ ಕೂಡಿ 90 ಆಗಿ ಅದು ಸಮಭಾಜಕದಲ್ಲಿ ನಿಂತಿರುತ್ತದೆ, ಅಳತೆ ಅರ್ಧಕ್ಕರ್ಧ ಬರುತ್ತದೆ. ಹೀಗೆ ಒಂದೇ ದಿಕ್ಕಿಗೆ ಕೂಡುತ್ತ ಹೋಗುವ ತಪ್ಪನ್ನು ಪಲ್ಸ್ ತಿದ್ದಿ ಸರಿಪಡಿಸಬಹುದು.

ಸರಿಪಡಿಸಲಾಗದ್ದು ಬೇರೆ. ಸುತ್ತಲಿನ ಗದ್ದಲದಿಂದ ಫೇಸ್ ಅಳಿಸಿಹೋಗುವಾಗ ಸಮಭಾಜಕದ ಕಡೆಗಿರುವ ಬಾಣ ಯಾವ ಕಡೆಗೂ ತಿರುಗದೆ ಕುಗ್ಗುತ್ತದೆ, ತುದಿ ಮೈಯಿಂದ ಒಳಕ್ಕೆ ಇಳಿಯುತ್ತದೆ. ಗೋಳದ ಒಳಗಿನ ಬಿಂದುಗಳೂ ನಿಜವಾದ ಸ್ಥಿತಿಗಳೇ, ಅವನ್ನು ಮಿಶ್ರ ಸ್ಥಿತಿ ಎನ್ನುತ್ತಾರೆ. ತಿರುಗಿಸುವುದರಿಂದ ಉದ್ದ ಬದಲಾಗದಾದ್ದರಿಂದ ಯಾವ ಗೇಟೂ ಕುಗ್ಗಿದ ಬಾಣವನ್ನು ಮೈಮೇಲಕ್ಕೆ ತರಲಾರದು. ಎರಡು ಕ್ಯೂಬಿಟ್‌ಗಳು ಪೂರ್ತಿಯಾಗಿ ಹೆಣೆದುಕೊಂಡಿದ್ದರೆ ಎರಡರ ಬಾಣಗಳೂ ತಂತಮ್ಮ ಗೋಳದ ನಟ್ಟನಡುವೆ ಸೊನ್ನೆಯಾಗಿರುತ್ತವೆ. ಅವುಗಳ ನಡುವಿನ ನಂಟನ್ನು ಈ ಚಿತ್ರ ತೋರಿಸಲಾರದು.

ಗೋಳ ತೋರಿಸದ ಇನ್ನೊಂದು ಸಂಗತಿಗೆ ಬೆಂಗಳೂರಿನ ನಂಟಿದೆ. ಬೆಳಕಿನ ಧ್ರುವೀಕರಣಕ್ಕೆ ಇಂಥದೇ ಗೋಳವನ್ನು ಫ್ರೆಂಚ್ ಗಣಿತಜ್ಞ ಪ್ವಾಂಕರೆ 19ನೇ ಶತಮಾನದಲ್ಲೇ ಬಳಸಿದ್ದರು. ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ 1956ರಲ್ಲಿ ಕಂಡುಕೊಂಡದ್ದು ಇದು: ಗೋಳದ ಮೇಲೆ ಹತ್ತಿರದ ದಾರಿಗಳಲ್ಲೇ ಸಾಗಿ ಮೂರು ಬಿಂದು ಸುತ್ತಿ ಹೊರಟಲ್ಲಿಗೇ ಬಂದರೂ ಸ್ಥಿತಿಗೆ ಒಂದು ಹೊಸ ಫೇಸ್ ಅಂಟಿರುತ್ತದೆ, ಅದು ಸುತ್ತಿದ ಭಾಗದ ಘನಕೋನದ ಅರ್ಧ. ನೆತ್ತಿಯಿಂದ ಎದುರಿಗೆ, ಅಲ್ಲಿಂದ ಬಲಕ್ಕೆ, ಮತ್ತೆ ನೆತ್ತಿಗೆ ಹೋಗಿಬಂದರೆ ಗೋಳದ ಎಂಟನೇ ಒಂದು ಭಾಗ ಸುತ್ತಿದಂತೆ. ಘನಕೋನ π/2, ಆದ್ದರಿಂದ ಫೇಸ್ 45 ಡಿಗ್ರಿ. ಚುಕ್ಕೆ ಮಾತ್ರ ಹೊರಟ ಜಾಗದಲ್ಲೇ ಇರುತ್ತದೆ. ಆ 45 ಡಿಗ್ರಿಯನ್ನು ಕಾಣಲು, ಈ ಸುತ್ತಿಗೆ ಹೋಗದ ಇನ್ನೊಂದು ಕಿರಣದ ಜೊತೆ ಇದನ್ನು ಬೆರೆಸಿ ನೋಡಬೇಕು.