ಡಬ್ಬದ ಮೇಲಿನ 10000 ಮತ್ತು ಫೋನ್‌ಗೆ ಸಿಗುವ 6400

ರಿಪೇರಿ ಮೇಜಿಗೆ ಪವರ್ ಬ್ಯಾಂಕ್ ತರುವವರಲ್ಲಿ ಬಹಳ ಜನ ಒಂದೇ ಮಾತು ಹೇಳುತ್ತಾರೆ. "ಇದು 10000 ಎಂಎಎಚ್, ನನ್ನ ಫೋನ್ 5000. ಎರಡು ಸಲ ಫುಲ್ ಆಗ್ಬೇಕಲ್ವಾ? ಒಂದೂವರೆ ಸಲವೂ ಆಗ್ತಿಲ್ಲ." ಮೀಟರ್ ಹಾಕಿ ನೋಡಿದರೆ ಪವರ್ ಬ್ಯಾಂಕ್ ಸರಿಯಾಗಿಯೇ ಇರುತ್ತದೆ. ಲೆಕ್ಕ ಹಾಕಿದ ರೀತಿ ಮಾತ್ರ ತಪ್ಪು.

ಆ 10000 ಒಳಗಿರುವ ಸೆಲ್‌ನ ಲೆಕ್ಕ. ಸೆಲ್ ಕೊಡುವುದು ಸುಮಾರು 3.7 ವೋಲ್ಟ್. 10000 ಎಂಎಎಚ್ ಅಂದರೆ 10 ಆಂಪಿಯರ್-ಅವರ್, ಹಾಗಾಗಿ ಅದರಲ್ಲಿರುವ ಶಕ್ತಿ 10 ಗುಣಿಸು 3.7, ಅಂದರೆ 37 ವ್ಯಾಟ್-ಅವರ್. ಯುಎಸ್‌ಬಿ ಪೋರ್ಟ್‌ನಿಂದ ಹೊರಗೆ ಬರುವುದು 5 ವೋಲ್ಟ್. 37 ಅನ್ನು 5ರಿಂದ ಭಾಗಿಸಿದರೆ 7.4 ಆಂಪಿಯರ್-ಅವರ್, ಅಂದರೆ 7400 ಎಂಎಎಚ್‌ಗೇ ಇಳಿಯಿತು. ವೋಲ್ಟೇಜ್ ಏರಿಸುವ ಸರ್ಕಿಟ್ ಬಿಸಿಯಾಗಿ ಇನ್ನೊಂದಿಷ್ಟು ತಿನ್ನುತ್ತದೆ. ಒಳ್ಳೆಯ ಸರ್ಕಿಟ್ ಆದರೆ ಕೊನೆಗೆ 6300ರಿಂದ 6600 ಉಳಿಯುತ್ತದೆ. ಈ ಅಂಕಿ ಸಾಮಾನ್ಯವಾಗಿ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ 'ರೇಟೆಡ್ ಕೆಪಾಸಿಟಿ' ಅಂತ ಇರುತ್ತದೆ, ಪಕ್ಕದಲ್ಲೇ ಎಷ್ಟು ವೋಲ್ಟ್‌ನಲ್ಲಿ ಅಳೆದದ್ದು ಅಂತಲೂ ಇರುತ್ತದೆ. ಬೆಲೆ ಹೋಲಿಸಬೇಕಾದದ್ದು ಇದರ ಜೊತೆಗೆ.

ಮೂರು ಪವರ್ ಬ್ಯಾಂಕ್ ಮುಂದಿವೆ ಅಂದುಕೊಳ್ಳಿ. ಮೊದಲನೆಯದು 10000, ಬೆಲೆ 100. ಎರಡನೆಯದೂ 10000, ಬೆಲೆ 120. ಮೂರನೆಯದು 20000, ಬೆಲೆ 130. ಸುಮ್ನೆ ನೋಡಿದರೆ ಮೂರನೆಯದೇ ಲಾಭ ಅನಿಸುತ್ತದೆ.

ಈಗ ತಿರುಗಿಸಿ ನೋಡಿ. ಮೊದಲನೆಯದರ ರೇಟೆಡ್ ಕೆಪಾಸಿಟಿ 5 ವೋಲ್ಟ್‌ನಲ್ಲಿ 5000, ಅಂದರೆ 25 ವ್ಯಾಟ್-ಅವರ್. ಒಂದು ವ್ಯಾಟ್-ಅವರ್‌ಗೆ ಬಿದ್ದ ಬೆಲೆ 4. ಎರಡನೆಯದು 6400, ಅಂದರೆ 32 ವ್ಯಾಟ್-ಅವರ್. ಬೆಲೆ 3.75. ದುಬಾರಿ ಅಂತ ಕಂಡದ್ದೇ ಅಗ್ಗ. ಮೂರನೆಯದರಲ್ಲಿ ರೇಟೆಡ್ ಕೆಪಾಸಿಟಿ ಬರೆದೇ ಇಲ್ಲ. ಆಗ ತಕ್ಕಡಿ ಕೇಳಿ. 20000 ಎಂಎಎಚ್ ಅಂದರೆ 74 ವ್ಯಾಟ್-ಅವರ್, ಅಷ್ಟಕ್ಕೆ ಸೆಲ್‌ಗಳೇ ಸುಮಾರು 300 ಗ್ರಾಂ ತೂಗಬೇಕು. ಪವರ್ ಬ್ಯಾಂಕ್ ಪೂರ್ತಿಯಾಗಿ 200 ಗ್ರಾಂ ಇದ್ದರೆ ಅದರ ಮೇಲೆ ಬರೆದದ್ದು ಸುಳ್ಳು. ನನಗೆ ತೂಕದ ಮೇಲೆ ಇರುವಷ್ಟು ನಂಬಿಕೆ ಡಬ್ಬದ ಮೇಲೆ ಇಲ್ಲ.

ಔಟ್‌ಪುಟ್ ವಿಷಯದಲ್ಲೂ ದೊಡ್ಡ ಅಂಕಿಯನ್ನು ಬಿಟ್ಟು ಅದರ ಕೆಳಗಿನ ಸಾಲು ಓದಿ. 22.5 ವ್ಯಾಟ್ ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಆದರೆ ಅದು ಕೆಲವು ಕಂಪನಿಗಳ ಫೋನ್‌ಗೆ ಮಾತ್ರ ಸಿಗುವ ವೇಗ ಆಗಿರಬಹುದು. ನಿಮ್ಮ ಫೋನ್ ಪಿಡಿ, ಅಂದರೆ ಪವರ್ ಡೆಲಿವರಿ ಅನ್ನುವ ಯುಎಸ್‌ಬಿ ವೇಗದ ಚಾರ್ಜಿಂಗ್ ವಿಧಾನದಲ್ಲಿ ಚಾರ್ಜ್ ಆಗುವುದಾದರೆ '9 ವೋಲ್ಟ್, 2.22 ಆಂಪಿಯರ್' ಅನ್ನುವಂಥ ಸಾಲು ಹುಡುಕಿ. ಎರಡನ್ನೂ ಗುಣಿಸಿದರೆ 20 ವ್ಯಾಟ್, ನಿಮಗೆ ಹೆಚ್ಚೆಂದರೆ ಸಿಗುವುದು ಅಷ್ಟೇ. ಎರಡು ಪೋರ್ಟ್ ಒಟ್ಟಿಗೆ ಬಳಸಿದರೆ ಹಲವು ಮಾದರಿಗಳು 5 ವೋಲ್ಟ್‌ಗೆ ಇಳಿಯುತ್ತವೆ. ಅದನ್ನೂ ಅಲ್ಲೇ ಬರೆದಿರುತ್ತಾರೆ.

ಇನ್ನು ಸುರಕ್ಷತೆಯ ಗುರುತು. ಸಿಇ ಗುರುತು ಇಂಥ ವಸ್ತುಗಳಲ್ಲಿ ಸಾಮಾನ್ಯವಾಗಿ ತಯಾರಕರೇ ಮಾಡಿಕೊಳ್ಳುವ ಘೋಷಣೆ. ಬೇರೆಯವರು ಪರೀಕ್ಷೆ ಮಾಡಿದ್ದಾರೆ ಅಂತ ಅದನ್ನು ನೋಡಿ ಹೇಳಲಾಗದು. ಐಇಸಿ 62133 ಬ್ಯಾಟರಿಯ ಪರೀಕ್ಷೆ. ಇಲ್ಲಿ ಕೆಲವೊಮ್ಮೆ ಒಂದು ಎಡವಟ್ಟು ಆಗುತ್ತದೆ. ಒಳಗಿನ ಸೆಲ್ ಆ ಪರೀಕ್ಷೆ ಪಾಸಾಗಿರುತ್ತದೆ, ಆದರೆ ಅದನ್ನು ಕಾಯುವ ಸರ್ಕಿಟ್ಟನ್ನು ಯಾರೂ ಪರೀಕ್ಷಿಸಿರುವುದಿಲ್ಲ. ಯುಎಲ್ 2056 ಇಡೀ ಪವರ್ ಬ್ಯಾಂಕ್‌ಗೇ ಇರುವ ಮಾನದಂಡ, ಹಾಗಾಗಿ ಅದಕ್ಕೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಗುರುತಿನ ಜೊತೆ ನಂಬರ್ ಇದ್ದರೆ ಪ್ರಮಾಣಪತ್ರ ಕೊಟ್ಟ ಸಂಸ್ಥೆಯ ತಾಣದಲ್ಲೇ ಹಾಕಿ ನೋಡಿ. ಅಲ್ಲಿ ಬರುವ ಮಾಡೆಲ್ ನಂಬರ್ ನಿಮ್ಮ ಕೈಯಲ್ಲಿರುವುದಕ್ಕೆ ಅಕ್ಷರಕ್ಕೆ ಅಕ್ಷರ ಹೊಂದಬೇಕು.

ಚಾರ್ಜರ್‌ನಲ್ಲಿ ಒಂದು ವ್ಯಾಟ್‌ಗೆ ಎಷ್ಟು ಬೆಲೆ ಅನ್ನುವ ಲೆಕ್ಕವನ್ನು ಕೊನೆಗೆ ಹಾಕಿ. ಗೋಡೆಯ ಕರೆಂಟಿನ ಭಾಗ ಮತ್ತು ನಿಮ್ಮ ಕೈ ಮುಟ್ಟುವ ಕೇಬಲ್‌ನ ಭಾಗ, ಇವೆರಡರ ನಡುವೆ ಬೋರ್ಡ್ ಮೇಲೆ ಕೆಲವು ಮಿಲಿಮೀಟರ್ ಜಾಗ ಖಾಲಿ ಇರಬೇಕು. ಅತಿ ಅಗ್ಗದ ಚಾರ್ಜರ್ ಬಿಚ್ಚಿದಾಗ ಆ ಜಾಗ ಕೂದಲೆಳೆಯಷ್ಟು ಇದ್ದದ್ದನ್ನು ನೋಡಿದ್ದೇನೆ. ಇದನ್ನೆಲ್ಲ ಪರೀಕ್ಷಿಸುವ ಮಾನದಂಡ ಐಇಸಿ 62368-1. ಅದರ ಪ್ರಮಾಣಪತ್ರ ಇರುವ 20 ವ್ಯಾಟಿನ ಚಾರ್ಜರ್ ಮತ್ತು ಯಾವ ಗುರುತೂ ಇಲ್ಲದ 65 ವ್ಯಾಟಿನದು ಒಂದೇ ಬೆಲೆಗೆ ಸಿಕ್ಕರೆ, ನಾನು 20 ವ್ಯಾಟಿನದನ್ನೇ ತಗೊಳ್ಳುತ್ತೇನೆ.